ಎಷ್ಟು ಜನ, ಎಷ್ಟು ಗಂಟೆ, ಕೊನೆಗೆ ಎಷ್ಟು ದುಡ್ಡು?

ವಿಜಯದಶಮಿ ಮುಗಿದರೆ ದೀಪಾವಳಿಗೆ ಉಳಿಯುವುದು ಹದಿನೆಂಟೋ ಹತ್ತೊಂಬತ್ತೋ ದಿನ. ಆ ದಿನಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಬೆಳಗಿನ ಪತ್ರಿಕೆಯ ಮಡಿಕೆಯಲ್ಲಿ, ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಒಂದೇ ಬಗೆಯ ಜಾಹೀರಾತು ಕಾಣಿಸಿಕೊಳ್ಳುತ್ತದೆ. ‘ಹಬ್ಬದ ಕೊಡುಗೆ, ಇಡೀ ಮನೆ ಡೀಪ್ ಕ್ಲೀನಿಂಗ್, 1,999 ರೂಪಾಯಿಯಿಂದ ಆರಂಭ, ಕೆಲವೇ ಸ್ಲಾಟ್ ಬಾಕಿ.’ ಕೆಳಗೊಂದು ಮೊಬೈಲ್ ನಂಬರ್. ಪಕ್ಕದಲ್ಲಿ ಫಳಫಳ ಹೊಳೆಯುವ ಅಡುಗೆಮನೆಯ ಚಿತ್ರ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ, ಏಣಿ ಹತ್ತಲಾಗದ ಹಿರಿಯರಷ್ಟೇ ಇರುವ ಮನೆಗಳಲ್ಲಿ ಈ ಸೇವೆ ನಿಜಕ್ಕೂ ಬೇಕಾದದ್ದು. ನೀರು ತುಂಬುವ ಹಬ್ಬದ ಸಂಜೆಯೊಳಗೆ ಬಚ್ಚಲು ತಿಕ್ಕಿರಬೇಕು, ಫ್ಯಾನು ಒರೆಸಿರಬೇಕು, ಅಡುಗೆ ಕಟ್ಟೆಯ ಹಿಂದಿನ ಜಿಡ್ಡು ಹೋಗಿರಬೇಕು. ಆದರೆ ಆ ಕರಪತ್ರವನ್ನು ಎರಡು ಸಲ ಓದಿದರೂ ಮೂರು ಸಂಗತಿ ಗೊತ್ತಾಗುವುದಿಲ್ಲ: ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಕೆಲಸ ಮುಗಿದ ಮೇಲೆ ಕೈಯಿಂದ ಹೋಗುವ ಒಟ್ಟು ಹಣ ಎಷ್ಟು. ಡೀಪ್ ಕ್ಲೀನಿಂಗ್‌ನಲ್ಲಿ ಗ್ರಾಹಕ ಕೊಳ್ಳುವುದು ಜನರ ದುಡಿಮೆಯ ಗಂಟೆಗಳನ್ನು. ಯಂತ್ರ, ರಾಸಾಯನಿಕ, ಕೊಡುಗೆ ಎಲ್ಲ ಅದರ ನಂತರದ ಮಾತು. ಗಂಟೆಯ ಲೆಕ್ಕ ಹೇಳದ ಜಾಹೀರಾತಿನಿಂದ ದರ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಲು ದಾರಿಯೇ ಇಲ್ಲ.

ಒಂದು ಮನೆಯ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಎರಡು ಬೆಡ್‌ರೂಮ್, ಎರಡು ಬಾತ್‌ರೂಮ್, ಒಂದು ಬಾಲ್ಕನಿ ಇರುವ, ಜನ ವಾಸವಿರುವ ಫ್ಲ್ಯಾಟ್ ಎಂದುಕೊಳ್ಳೋಣ. ದಿನವೂ ಗುಡಿಸಿ ಒರೆಸುವ ಮನೆಯೇ, ಆದರೆ ಕಳೆದ ದೀಪಾವಳಿಯ ನಂತರ ಮೂಲೆ ಮೂಲೆ ತಿಕ್ಕಿದ್ದಿಲ್ಲ. ಇಂಥ ಮನೆಯ ಅಡುಗೆಮನೆಗೆ ಒಬ್ಬರ ಐದು ಗಂಟೆಯ ಕೆಲಸ ಬೇಕು. ಬಾತ್‌ರೂಮ್‌ಗೆ ತಲಾ ಎರಡರಂತೆ ನಾಲ್ಕು ಗಂಟೆ. ಕಿಟಕಿ, ಗ್ರಿಲ್, ಸೊಳ್ಳೆ ಜಾಲರಿ, ಬಾಲ್ಕನಿ ಸೇರಿ ಮೂರು ಗಂಟೆ. ಜೇಡರ ಬಲೆ, ಫ್ಯಾನು, ದೀಪ, ಸ್ವಿಚ್ ಬೋರ್ಡಿಗೆ ಎರಡು ಗಂಟೆ. ಬಾಗಿಲು, ಬೀರುವಿನ ಹೊರಮೈ, ಪೀಠೋಪಕರಣಗಳಿಗೆ ಒಂದೂವರೆ. ಕೊನೆಗೆ ನೆಲ ಉಜ್ಜಿ, ತೊಳೆದು, ಒರೆಸಲು ಎರಡೂವರೆ. ಕೂಡಿದರೆ ಹದಿನೆಂಟು ಗಂಟೆ. ಮೂವರು ಬಂದರೆ ಆರು ಗಂಟೆಯ ಕೆಲಸ. ಮನೆಯ ಸ್ಥಿತಿ ನೋಡಿ ಒಂದೆರಡು ಗಂಟೆ ಹೆಚ್ಚು ಕಡಿಮೆ ಆಗಬಹುದು, ಅರ್ಧಕ್ಕಿಳಿಯುವುದಿಲ್ಲ.

ಅಡುಗೆಮನೆಗೆ ಐದು ಗಂಟೆ ಯಾಕೆ ಎಂದು ಕೇಳುವವರಿದ್ದಾರೆ. ಒಗ್ಗರಣೆಯ ಹಬೆಯೊಂದಿಗೆ ಮೇಲೇರುವ ಎಣ್ಣೆ ಟೈಲ್ಸ್, ಕ್ಯಾಬಿನೆಟ್ ಬಾಗಿಲು, ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ಮೇಲೆ ಕೂರುತ್ತದೆ. ಶಾಖ ಮತ್ತು ಗಾಳಿ ತಗುಲಿ ತಿಂಗಳುಗಟ್ಟಲೆ ಉಳಿದರೆ ಅದು ಎಣ್ಣೆಯಾಗಿ ಉಳಿಯದೆ ಅಂಟಾದ ಕಂದು ಪದರವಾಗುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ನೀರಿಗೂ ಪಾತ್ರೆ ಸೋಪಿಗೂ ಅದು ಜಗ್ಗುವುದಿಲ್ಲ. ಜಿಡ್ಡು ಬಿಡಿಸುವ ಕ್ಷಾರದ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡಬೇಕು, ಮೆತ್ತಗಾದ ಮೇಲೆ ಉಜ್ಜಬೇಕು, ಒರೆಸಬೇಕು, ಮತ್ತೆ ಹಚ್ಚಬೇಕು. ಆ ಹತ್ತು ನಿಮಿಷ ಕಾಯುವುದೇ ಕೆಲಸದ ಮುಖ್ಯ ಭಾಗ. ಹೊತ್ತಿಲ್ಲದ ತಂಡ ಕಾಯುವುದಿಲ್ಲ. ಬದಲಿಗೆ ತಂತಿ ಬ್ರಶ್ಶಿನಿಂದ ಗಟ್ಟಿಯಾಗಿ ತಿಕ್ಕುತ್ತದೆ, ಲ್ಯಾಮಿನೇಟಿನ ಮೈ ಗೀಚುತ್ತದೆ. ಅಲ್ಯೂಮಿನಿಯಂ ಜಾಲರಿಯ ಚಿಮಣಿ ಫಿಲ್ಟರನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಲೋಹ ಕಪ್ಪಾಗಿ ಸವೆದುಹೋಗುತ್ತದೆ. ಸ್ಟೀಲ್ ಫಿಲ್ಟರಿಗೆ ನಡೆಯುವ ಮದ್ದು ಇದಕ್ಕೆ ನಡೆಯುವುದಿಲ್ಲ.

ಬಾತ್‌ರೂಮ್‌ನ ಕಥೆ ಬೇರೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಲವಣ ಹೆಚ್ಚಿರುವ ಬಡಾವಣೆಗಳಲ್ಲಿ ನಲ್ಲಿ, ಶವರ್, ಗಾಜಿನ ಬಾಗಿಲ ಮೇಲೆ ಬಿಳಿ ಕರೆ ಕಟ್ಟುತ್ತದೆ. ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನಲ್ಲಿರುವುದೂ ಅದೇ. ಹುಳಿ ತಗುಲಿದರೆ ಗುಳ್ಳೆ ಎದ್ದು ಕರಗುತ್ತದೆ. ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ನಲ್ಲಿಗೆ ಕಾಲು ಗಂಟೆ ಸುತ್ತಿಟ್ಟರೆ ಕರೆ ತಾನಾಗಿ ಸಡಿಲವಾಗುತ್ತದೆ, ಪುಟ್ಟ ಬ್ರಶ್ಶಿನಿಂದ ಉಜ್ಜಿದರೆ ಸಾಕು. ಅವಸರದ ತಂಡ ಟಾಯ್ಲೆಟ್‌ಗೆ ತಂದ ಬಲವಾದ ಆ್ಯಸಿಡನ್ನೇ ನಲ್ಲಿಗೂ ಸುರಿಯುತ್ತದೆ. ಐದು ನಿಮಿಷದಲ್ಲಿ ನಲ್ಲಿ ಹೊಳೆಯುವುದು ನಿಜ. ಕೆಲವು ವಾರಗಳಲ್ಲಿ ಕ್ರೋಮ್ ಲೇಪ ಕಿತ್ತು ಕಪ್ಪು ಚುಕ್ಕೆ ಬೀಳುವುದೂ ಅಷ್ಟೇ ನಿಜ.

ಹಳೆಯ ಮನೆಗಳಲ್ಲಿ ಇದೇ ಆ್ಯಸಿಡ್ ಇನ್ನೂ ದೊಡ್ಡ ನಷ್ಟ ಮಾಡುತ್ತದೆ. ಕಡಪ ಕಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಅಮೃತಶಿಲೆ ಮೂರರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟೇ. ನಲ್ಲಿಯ ಕರೆ ಕರಗಿಸುವ ಹುಳಿ ಈ ಕಲ್ಲನ್ನೂ ಕರಗಿಸುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಸಿಮೆಂಟಿನಿಂದ ಆದದ್ದು, ಅದಕ್ಕೂ ಆ್ಯಸಿಡ್ ಆಗದು. ವರ್ಷಾನುಗಟ್ಟಲೆ ಕಾಲಾಡಿ ಬಂದ ಆ ನುಣುಪು ಒಮ್ಮೆ ಹೋದರೆ ಪಾಲಿಶ್ ಮಾಡಿಸದೆ ಮರಳುವುದಿಲ್ಲ. ಸಂಶಯವಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಕೆಲವು ನಿಮಿಷ ನೋಡಬಹುದು. ನೊರೆ ಬಂದರೆ ಅಥವಾ ಮೈ ಮಂಕಾದರೆ ಅಲ್ಲಿ ಆ್ಯಸಿಡ್ ಮುಟ್ಟಿಸಬಾರದು. ಒಳ್ಳೆಯ ತಂಡ ಬುಕಿಂಗ್ ವೇಳೆಯೇ ನೆಲ ಯಾವುದು ಎಂದು ಕೇಳುತ್ತದೆ. ಕೇಳದಿದ್ದರೆ ಮನೆಯವರೇ ಹೇಳಬೇಕು.

ಇನ್ನೊಂದು ಎಚ್ಚರ ಎಲ್ಲ ಮನೆಗೂ ಅನ್ವಯಿಸುತ್ತದೆ. ಟಾಯ್ಲೆಟ್ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಕಡೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮ್‌ನಲ್ಲಿ ಅದು ಕಣ್ಣು ಗಂಟಲು ಉರಿಸಿ ಉಸಿರು ಕಟ್ಟಿಸುತ್ತದೆ. ಮೊದಲು ಒಂದನ್ನು ಹಾಕಿ ಪೂರ್ತಿ ತೊಳೆಯದೆ ಇನ್ನೊಂದನ್ನು ಹಾಕಲೇಬಾರದು. ಘಾಟು ಬಂದರೆ ಎಲ್ಲರೂ ಹೊರಬಂದು ಕಿಟಕಿ ತೆರೆಯಬೇಕು.

ಈಗ ದುಡ್ಡಿನ ಮಾತು. ಮೇಲಿನ ಹದಿನೆಂಟು ಗಂಟೆಗೆ ಗಂಟೆಗೆ 130 ರೂಪಾಯಿಯಂತೆ ಕೂಲಿ ಹಿಡಿದರೆ 2,340 ರೂಪಾಯಿ. ಯಂತ್ರ, ಏಣಿ ಹೊತ್ತು ಬಂದು ಹೋಗುವ ಗಾಡಿ ಖರ್ಚು 400. ದ್ರಾವಣ, ಮೈಕ್ರೋಫೈಬರ್ ಬಟ್ಟೆ, ಪ್ಯಾಡ್ 350. ಯಂತ್ರದ ಸವಕಳಿ 150. ಬುಕಿಂಗ್, ಫೋನ್, ಮೇಲ್ವಿಚಾರಣೆ 500. ತಂಡ ನಡೆಸುವವರ ಲಾಭ 460. ಒಟ್ಟು 4,200. ಸಂಸ್ಥೆ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇ 18, ಅಂದರೆ 756. ಗ್ರಾಹಕ ಕೊಡುವುದು 4,956 ರೂಪಾಯಿ. ಊರು, ಬಡಾವಣೆ, ಕೂಲಿ ದರಕ್ಕೆ ತಕ್ಕಂತೆ ಈ ಉದಾಹರಣೆಯ ಅಂಕಿಗಳು ಬದಲಾಗುತ್ತವೆ, ಆದರೆ ಲೆಕ್ಕದ ಸಾಲುಗಳು ಇವೇ.

ಇದೇ ಲೆಕ್ಕಕ್ಕೆ 1,999 ರೂಪಾಯಿಯ ಕೊಡುಗೆಯನ್ನು ಹಚ್ಚಿ ನೋಡಬೇಕು. ತೆರಿಗೆ ಒಳಗೊಂಡ ದರವಾದರೆ ಅದನ್ನು ಕಳೆದು ಉಳಿಯುವುದು ಸುಮಾರು 1,694. ಗಾಡಿ, ದ್ರಾವಣ, ಯಂತ್ರ, ಕಚೇರಿ ಖರ್ಚು ಸೇರಿ ಆಗುವ 1,400ನ್ನು ಹೇಗೋ ಅರ್ಧಕ್ಕಿಳಿಸಿ, ಲಾಭವನ್ನೂ ಬಿಟ್ಟುಕೊಟ್ಟರೆ ಕೂಲಿಗೆ ಮಿಗುವುದು 994 ರೂಪಾಯಿ. ಅದು ಏಳೂವರೆ ಗಂಟೆಯ ದುಡಿಮೆಗೆ ಸಮ. ಹದಿನೆಂಟು ಗಂಟೆಯ ಮನೆಯನ್ನು ಏಳೂವರೆ ಗಂಟೆಯಲ್ಲಿ ಮುಗಿಸಲು ಇರುವುದು ಮೂರೇ ದಾರಿ: ಕೆಲಸ ಬಿಡುವುದು, ಕೂಲಿ ಕಡಿಯುವುದು, ಇಲ್ಲವೇ ಮನೆಯೊಳಗೆ ಕಾಲಿಟ್ಟ ಮೇಲೆ ದರ ಏರಿಸುವುದು.

ಮೂರನೆಯದು ಹೆಚ್ಚು ಬಳಕೆಯಲ್ಲಿದೆ. ಅದು ನಡೆಯುವ ಬಗೆ ಹೆಚ್ಚುಕಡಿಮೆ ಹೀಗೆ. ಬೆಳಿಗ್ಗೆ ಹತ್ತಕ್ಕೆ ಇಬ್ಬರು ಬರುತ್ತಾರೆ. ಅಡುಗೆಮನೆ ನೋಡಿ, ‘ಅಮ್ಮ, ಚಿಮಣಿ ಇದರಲ್ಲಿ ಬರಲ್ಲ, ಅದಕ್ಕೆ ಬೇರೆ 600’ ಎನ್ನುತ್ತಾರೆ. ಕಿಟಕಿಯ ಒಳಭಾಗ ಮಾತ್ರ ಲೆಕ್ಕದಲ್ಲಿದೆ, ಜಾಲರಿಗೆ ಬೇರೆ. ಫ್ಯಾನು ನಾಲ್ಕರವರೆಗೆ ಉಚಿತ, ಐದನೆಯದಕ್ಕೆ ಬೇರೆ. ಬಾತ್‌ರೂಮಿನ ಕರೆ ‘ಹಾರ್ಡ್ ಸ್ಟೇನ್’, ಅದಕ್ಕೆ ತಲಾ 400. ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಸಾಮಾನೆಲ್ಲ ಎಳೆದು ಹಾಲ್‌ನಲ್ಲಿ ಗುಡ್ಡೆ ಹಾಕಿರುವಾಗ ಬೇಡ ಹೋಗಿ ಎನ್ನುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಸಂಜೆ ಬಿಲ್ ನಾಲ್ಕೂವರೆ ಸಾವಿರ ಮುಟ್ಟುತ್ತದೆ, ದುಡಿದವರು ಮಾತ್ರ ಇಬ್ಬರೇ.

ಆ್ಯಪ್, ವೆಬ್‌ಸೈಟ್ ಮೂಲಕ ನಡೆಯುವ ಇಂಥ ವ್ಯಾಪಾರಕ್ಕೆ ಕಾನೂನು ಕಡಿವಾಣ ಹಾಕಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿದೆ. ಮೊದಲು ಕಡಿಮೆ ದರ ತೋರಿಸಿ ಕೊನೆಯ ಹಂತದಲ್ಲಿ ಒಂದೊಂದಾಗಿ ಶುಲ್ಕ ಸೇರಿಸುವುದು ಅದರಲ್ಲೊಂದು. ಕೇಳದೆಯೇ ಹೆಚ್ಚುವರಿ ಸೇವೆಯನ್ನು ಬುಟ್ಟಿಗೆ ಹಾಕುವುದು ಇನ್ನೊಂದು. ಇಲ್ಲದ ಅವಸರ ಹುಟ್ಟಿಸಲು ‘ಇನ್ನು ಎರಡೇ ಸ್ಲಾಟ್’ ಎಂದು ಸುಳ್ಳು ಹೇಳುವುದು ಮತ್ತೊಂದು. ಕರಪತ್ರಕ್ಕೂ ನಿಯಮ ಇಲ್ಲದಿಲ್ಲ. 2022ರ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಯ ಪ್ರಕಾರ, ಆಸೆ ಹುಟ್ಟಿಸುವ ದರ ಸಾರಿದವರಿಗೆ ಆ ದರದಲ್ಲಿ ಸೇವೆ ಕೊಡುವ ಸಮಂಜಸ ಸಾಧ್ಯತೆ ಇರಲೇಬೇಕು.

ತೆರಿಗೆಯ ವಿಷಯದಲ್ಲೂ ಒಂದು ಸರಳ ಪರೀಕ್ಷೆ ಇದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಸೇವಾ ತಂಡಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್‌ನಲ್ಲಿ ತೆರಿಗೆ ಸಾಲು ಇದ್ದರೆ 15 ಅಕ್ಷರಗಳ ನೋಂದಣಿ ಸಂಖ್ಯೆಯೂ ಇರಬೇಕು, ಕರ್ನಾಟಕದ ನೋಂದಣಿಯಾದರೆ ಅದು 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಯಾರದೆಂದು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಚದರಡಿ ಲೆಕ್ಕದಲ್ಲಿ ದರ ಹೇಳುವವರೂ ಇದ್ದಾರೆ. ಅಲ್ಲಿ ಕೇಳಬೇಕಾದದ್ದು ಯಾವ ಚದರಡಿ ಎಂಬುದನ್ನು. ಫ್ಲ್ಯಾಟ್ ಮಾರುವಾಗ ಹೇಳುವ ಸೂಪರ್ ಬಿಲ್ಟ್ ಅಪ್ ಅಳತೆಯಲ್ಲಿ ಲಿಫ್ಟ್, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿರುತ್ತದೆ. ತಂಡ ತೊಳೆಯುವುದು ಮನೆಯೊಳಗಿನ ಜಾಗವನ್ನಷ್ಟೇ. ಸೂಪರ್ ಬಿಲ್ಟ್ ಅಪ್ 1,200 ಚದರಡಿ ಇರುವ ಫ್ಲ್ಯಾಟಿನ ಕಾರ್ಪೆಟ್ ಏರಿಯಾ 850 ಇದ್ದರೆ, ಚದರಡಿಗೆ ಐದು ರೂಪಾಯಿಯಂತೆ ಒಂದು ಲೆಕ್ಕದಲ್ಲಿ 6,000, ಇನ್ನೊಂದರಲ್ಲಿ 4,250. ವ್ಯತ್ಯಾಸ 1,750 ರೂಪಾಯಿ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಹೇಳಿರುವುದರಿಂದ ರೇರಾದಡಿ ನೋಂದಣಿಯಾದ ಯೋಜನೆಗಳ ಕರಾರುಪತ್ರದಲ್ಲಿ ಆ ಅಂಕಿ ಸಿಗುತ್ತದೆ. ಅದನ್ನೇ ತೋರಿಸಿ ಮಾತಾಡಬೇಕು.

ಇನ್ನು ಸ್ಲಾಟ್. ಬಹಳಷ್ಟು ಜಾಹೀರಾತುಗಳು ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ಐದು ಎಂದು ದಿನಕ್ಕೆ ಮೂರು ಸ್ಲಾಟ್ ತೋರಿಸುತ್ತವೆ. ಬೇರೆ ಬೇರೆ ತಂಡಗಳಿದ್ದರೆ ಸರಿ. ಒಂದೇ ತಂಡ ಮೂರೂ ಮನೆಗೆ ಹೋಗುವುದಾದರೆ ಆರು ಗಂಟೆಯ ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಮೇಲೆ ಊಟ ಮತ್ತು ಟ್ರಾಫಿಕ್. ಮೂವರ ತಂಡ ಎರಡು ಬೆಡ್‌ರೂಮಿನ ಒಂದು ಮನೆ ಮುಗಿಸಿದ ಮೇಲೆ ಅದೇ ದಿನ ಹೆಚ್ಚೆಂದರೆ ಎರಡು ಬಾತ್‌ರೂಮ್‌ನಷ್ಟು ಸಣ್ಣ ಕೆಲಸ ಹಿಡಿಯಬಹುದು. ಹಾಗಾಗಿ ಇಡೀ ಮನೆಯ ಕೆಲಸಕ್ಕೆ ದಿನದ ಮೊದಲ ಸ್ಲಾಟೇ ಸರಿಯಾದದ್ದು. ಅದಕ್ಕೆ ಇನ್ನೂ ಒಂದು ಕಾರಣ ಬೆಳಕು. ಕಿಟಕಿ ಗಾಜಿನ ಗೆರೆ, ಟೈಲ್ಸ್ ಮೇಲಿನ ಜಿಡ್ಡು ಹಗಲು ಬೆಳಕಿನಲ್ಲಿ ಕಾಣುವಂತೆ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ.

ಸ್ಲಾಟ್ ಹಿಡಿಯುವ ಮುಂಚೆ ಮನೆಯವರು ನೋಡಿಕೊಳ್ಳಬೇಕಾದದ್ದೂ ಇದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಾದರೆ ಸಂಪು ತುಂಬಿರುವ ದಿನವನ್ನೇ ಆರಿಸಬೇಕು. ಬೆಸ್ಕಾಂ ಮುಂಚಿತವಾಗಿ ಪ್ರಕಟಿಸುವ ವಿದ್ಯುತ್ ವ್ಯತ್ಯಯದ ದಿನ ತಪ್ಪಿಸಬೇಕು, ನೆಲ ಉಜ್ಜುವ ಯಂತ್ರ ಕರೆಂಟಿಲ್ಲದೆ ನಡೆಯದು. ಅಪಾರ್ಟ್‌ಮೆಂಟಿನಲ್ಲಿ ಹೊರಗಿನ ಕೆಲಸಗಾರರಿಗೆ ಎಷ್ಟು ಗಂಟೆಯಿಂದ ಎಷ್ಟರವರೆಗೆ ಪ್ರವೇಶ ಎಂದು ಮೊದಲೇ ಕೇಳಿ, ಗೇಟಿಗೆ ಹೆಸರು ಕೊಟ್ಟಿರಬೇಕು. ಗೇಟಿನಲ್ಲಿ ಕಳೆಯುವ ಮುಕ್ಕಾಲು ಗಂಟೆಯೂ ಕೆಲಸದ ಹೊತ್ತಿನಿಂದಲೇ ಹೋಗುತ್ತದೆ.

ದಿನ ಯಾವುದು ಎಂಬ ಪ್ರಶ್ನೆಗೆ ಅಡುಗೆಮನೆಯೇ ಉತ್ತರ ಹೇಳುತ್ತದೆ. ಹಬ್ಬದ ಚಕ್ಕುಲಿ, ಕಜ್ಜಾಯಕ್ಕೆ ಎಣ್ಣೆ ಬಾಣಲೆ ಏರುವುದು ಹಬ್ಬಕ್ಕೆ ಎರಡು ಮೂರು ದಿನ ಮುಂಚೆ. ಕರಿದ ಮೇಲೆ ಡೀಪ್ ಕ್ಲೀನಿಂಗ್ ಮಾಡಿಸೋಣ ಎಂದು ಕಾದರೆ ಸಿಗುವುದು ಅತ್ಯಂತ ಗಡಿಬಿಡಿಯ ದಿನ. ವಾರದ ಮುಂಚೆ ಹಳೆಯ ಜಿಡ್ಡು ತೆಗೆಸಿಬಿಟ್ಟರೆ ಕರಿದ ನಂತರ ಕೂರುವ ಹೊಸ ಎಣ್ಣೆ ಬಿಸಿನೀರು, ಸೋಪಿಗೇ ಹೋಗುತ್ತದೆ. ದಸರೆಗೆ ಗೊಂಬೆ ಕೂರಿಸುವ ಮನೆಗಳ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ನವರಾತ್ರಿಯ ಮೊದಲ ದಿನ ಪಟ್ಟದ ಗೊಂಬೆ ಕೂತ ಮೇಲೆ ಹಾಲ್‌ನಲ್ಲಿ ಏಣಿ, ಯಂತ್ರ ಆಡಿಸಲಾಗದು, ಹಾಗಾಗಿ ಹಾಲ್ ಅದಕ್ಕೆ ಮೊದಲೇ ಮುಗಿದಿರಬೇಕು.

ಕೊನೆಯ ಎರಡು ಮೂರು ದಿನಗಳಲ್ಲಿ ಜನ ಸಿಗದಿರಲು ಬೇಡಿಕೆಯೊಂದೇ ಕಾರಣವಲ್ಲ. ಈ ಕೆಲಸದಲ್ಲಿರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿದ್ದಾರೆ, ಬಂಗಾಳ, ಒಡಿಶಾ, ಬಿಹಾರದವರಿದ್ದಾರೆ. ದೀಪಾವಳಿ ಅವರಿಗೂ ಹಬ್ಬ. ಅದು ಕಳೆದು ಆರನೇ ದಿನಕ್ಕೆ ಬಿಹಾರದವರ ಛಠ್ ಪೂಜೆ. ಊರಿಗೆ ಹೋಗುವ ರೈಲು ಹಿಡಿಯುವ ದಿನಗಳು ಅವು. ಉಳಿದು ದುಡಿಯುವವರಿಗೆ ಹೆಚ್ಚು ಕೂಲಿ ಕೊಡಬೇಕಾಗುತ್ತದೆ, ಹಾಗಾಗಿ ಕೊನೆಯ ದಿನಗಳ ದರ ಏರುವುದು ನ್ಯಾಯವೇ. ಏರಿಕೆ ಎಷ್ಟು, ಯಾವ ದಿನದಿಂದ ಎಂದು ಮೊದಲೇ ಬರೆದು ಹೇಳಿದರೆ ಸಾಕು.

ಏನೇನು ಸೇರುತ್ತದೆ ಎಂಬ ಪಟ್ಟಿಗಿಂತ ಏನು ಸೇರುವುದಿಲ್ಲ ಎಂಬ ಪಟ್ಟಿ ಮುಖ್ಯ. ಜಗಳಗಳೆಲ್ಲ ಹುಟ್ಟುವುದು ಅಲ್ಲಿಯೇ. ‘ಇಡೀ ಮನೆ’ ಎಂದಾಗ ಗ್ರಾಹಕರ ಮನಸ್ಸಿನಲ್ಲಿ ಅಟ್ಟ, ಫ್ರಿಜ್ಜಿನ ಒಳಗು, ಸೋಫಾ, ಗೋಡೆ ಎಲ್ಲವೂ ಇರುತ್ತವೆ. ತಂಡದ ಮನಸ್ಸಿನಲ್ಲಿ ಇವು ಯಾವುವೂ ಇರುವುದಿಲ್ಲ. ಬೀರು ಮತ್ತು ಕಿಚನ್ ಕ್ಯಾಬಿನೆಟ್ಟಿನ ಒಳಭಾಗವನ್ನು ಸಾಮಾನು ಖಾಲಿ ಮಾಡಿಟ್ಟರೆ ಮಾತ್ರ ಒರೆಸುತ್ತಾರೆ, ಅದು ಸರಿಯಾದ ನಿಯಮವೇ. ಬೇರೆಯವರ ಸಾಮಾನು ಎತ್ತಿಡಲು ಹೋದರೆ ಒಡೆದದ್ದು, ಕಳೆದದ್ದು ಎಂಬ ಮಾತು ಬರುತ್ತದೆ. ಸೋಫಾ ಮತ್ತು ಹಾಸಿಗೆಯ ಶಾಂಪೂ ಬೇರೆ ಯಂತ್ರದ ಕೆಲಸ, ದರವೂ ಬೇರೆ. ಚಿಮಣಿಯ ಹೊರಮೈ ಮತ್ತು ಫಿಲ್ಟರ್ ತೊಳೆಯಬಹುದು, ಮೋಟಾರು ಬಿಚ್ಚುವುದು ತಂತ್ರಜ್ಞರ ಕೆಲಸ. ಗೋಡೆಯ ಬಣ್ಣ ಉಜ್ಜಿದರೆ ಕಲೆಗಿಂತ ದೊಡ್ಡ ಮಚ್ಚೆ ಉಳಿಯುವುದರಿಂದ ಒಣ ಧೂಳು ತೆಗೆಯುವುದಷ್ಟೇ ಸಾಧ್ಯ. ದೇವರ ಮನೆಯನ್ನು ಮನೆಯವರೇ ಮಾಡಿಕೊಳ್ಳುವುದಾದರೆ ಅದನ್ನೂ ಮೊದಲೇ ಹೇಳಿದರೆ ಯಾರಿಗೂ ಮುಜುಗರವಿಲ್ಲ.

ಒಂದು ಕೆಲಸವನ್ನಂತೂ ಯಾವ ದರಕ್ಕೂ ಕೇಳಬಾರದು. ಮೂರನೇ, ನಾಲ್ಕನೇ ಮಹಡಿಯ ಕಿಟಕಿಯ ಹೊರಮೈ ಒರೆಸಲು ಸುರಕ್ಷತಾ ಬೆಲ್ಟ್ ಇಲ್ಲದೆ ಒಬ್ಬರನ್ನು ಸಜ್ಜಾದ ಮೇಲೆ ಇಳಿಸುವುದು ಪ್ರಾಣದ ಜೊತೆ ಆಡಿದಂತೆ. ಸ್ಲೈಡಿಂಗ್ ಕಿಟಕಿಯ ಬಾಗಿಲು ಕಳಚಿ ಒಳಗೆ ತಂದು ತೊಳೆಯಬಹುದು, ಉದ್ದ ಕೋಲಿನ ವೈಪರಿನಿಂದ ಕೈಗೆಟಕುವಷ್ಟು ಒರೆಸಬಹುದು. ಉಳಿದದ್ದು ಹಾಗೇ ಇರಲಿ. ಸಜ್ಜಾ ಹತ್ತುವುದಿಲ್ಲ ಎನ್ನುವ ತಂಡವೇ ನಂಬಿಕೆಗೆ ಅರ್ಹ ತಂಡ.

ಹಾಗಾದರೆ ನೇರವಾದ ಜಾಹೀರಾತು ಹೇಗಿರುತ್ತದೆ? ಮೇಲಿನ ಲೆಕ್ಕವನ್ನೇ ಇಟ್ಟುಕೊಂಡು ಬರೆದರೆ ಹೀಗೆ:

‘ದೀಪಾವಳಿ ಡೀಪ್ ಕ್ಲೀನಿಂಗ್. ಎರಡು ಬೆಡ್‌ರೂಮ್, ಎರಡು ಬಾತ್‌ರೂಮ್ ಮನೆಗೆ ಮೂವರು, ಆರು ಗಂಟೆ. ದರ 4,200, ಜಿಎಸ್‌ಟಿ 756, ಒಟ್ಟು 4,956 ರೂಪಾಯಿ. ಹಬ್ಬದ ಮುಂಚಿನ ಮೂರು ದಿನ ದರದ ಮೇಲೆ ಶೇ 20 ಹೆಚ್ಚು. ಬೆಳಿಗ್ಗೆ 9ಕ್ಕೆ ಆರಂಭ, ಒಂದು ತಂಡಕ್ಕೆ ದಿನಕ್ಕೆ ಒಂದೇ ಮನೆ. ಸೇರಿದ್ದು: ಎಲ್ಲ ಫ್ಯಾನು, ದೀಪ, ಕಿಟಕಿ, ಗ್ರಿಲ್, ಜಾಲರಿ, ಬಾಗಿಲು, ಅಡುಗೆಮನೆ ಟೈಲ್ಸ್, ಕ್ಯಾಬಿನೆಟ್ ಹೊರಮೈ, ಚಿಮಣಿ ಫಿಲ್ಟರ್, ಬಾತ್‌ರೂಮ್ ಕರೆ ತೆಗೆಯುವುದು, ಬಾಲ್ಕನಿ, ಯಂತ್ರದಿಂದ ನೆಲ. ಖಾಲಿ ಮಾಡಿಟ್ಟರೆ ಕ್ಯಾಬಿನೆಟ್ ಒಳಗೂ ಸೇರಿದೆ. ಸೇರದ್ದು: ಸೋಫಾ, ಹಾಸಿಗೆ, ಫ್ರಿಜ್ ಒಳಗು, ಅಟ್ಟ, ಗೋಡೆ ತೊಳೆಯುವುದು, ಮೇಲ್ಮಹಡಿ ಕಿಟಕಿಯ ಹೊರಮೈ. ಕಡಪ, ಅಮೃತಶಿಲೆ, ರೆಡ್ ಆಕ್ಸೈಡ್ ನೆಲಕ್ಕೆ ಆ್ಯಸಿಡ್ ಬಳಸುವುದಿಲ್ಲ. ಹೋಗದಿರಬಹುದಾದದ್ದು: ಟೈಲ್ಸ್ ಸಂದಿನ ಹಳೇ ಕಪ್ಪು, ತುಕ್ಕಿನ ಕಲೆ, ಸವೆದ ಕ್ರೋಮ್. ಮುಂಗಡ 500, ಉಳಿದದ್ದು ಕೆಲಸ ನೋಡಿದ ಮೇಲೆ. ಬಿಟ್ಟುಹೋದದ್ದಿದ್ದರೆ 24 ಗಂಟೆಯೊಳಗೆ ಬಂದು ಮಾಡಿಕೊಡುತ್ತೇವೆ.’

ಇದರಲ್ಲಿ ‘ಹೋಗದಿರಬಹುದಾದದ್ದು’ ಎಂಬ ಸಾಲು ವ್ಯಾಪಾರಕ್ಕೆ ಕುತ್ತು ಎಂದು ಕೆಲವರು ಅಂಜುತ್ತಾರೆ. ಅನುಭವಿಗಳು ಅದನ್ನು ಮೊದಲೇ ಹೇಳುತ್ತಾರೆ. ಟೈಲ್ಸ್ ಸಂದಿನ ಬಿಳಿ ಸಿಮೆಂಟ್ ಒಳಗಿನವರೆಗೆ ಕೊಳೆ ಹೀರಿಕೊಂಡಿದ್ದರೆ ಎಷ್ಟು ಉಜ್ಜಿದರೂ ಮೂಲ ಬಣ್ಣ ಬಾರದು. ಕೆರೆದು ಹೊಸದಾಗಿ ತುಂಬಿಸಬೇಕು, ಅದು ಬೇರೆ ಕೆಲಸ. ಈ ಮಾತು ಬುಕಿಂಗ್‌ನಲ್ಲೇ ಆದರೆ ಸಂಜೆ ಏಳಕ್ಕೆ ಬಾಗಿಲಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.

ಕೆಲಸ ಸರಿಯಾಯಿತೇ ಎಂದು ನೋಡುವುದು ತಂಡ ಗಂಟು ಮೂಟೆ ಕಟ್ಟುವ ಮೊದಲು, ಅವರ ಮುಂದಾಳನ್ನು ಜೊತೆಗಿಟ್ಟುಕೊಂಡೇ. ಫ್ಯಾನಿನ ರೆಕ್ಕೆಯ ಮೇಲ್ಮೈಗೆ, ಬಾಗಿಲ ಚೌಕಟ್ಟಿನ ತಲೆಗೆ, ಸ್ಲೈಡಿಂಗ್ ಕಿಟಕಿಯ ಹಳಿಯ ಮೂಲೆಗೆ, ಕಮೋಡಿನ ಹಿಂಬದಿಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕು. ಕಣ್ಣಿಗೆ ಕಾಣುವ ಜಾಗವನ್ನು ಎಲ್ಲರೂ ಒರೆಸುತ್ತಾರೆ, ಈ ನಾಲ್ಕು ಕಡೆ ಬಟ್ಟೆ ಬೆಳ್ಳಗೆ ಉಳಿದರೆ ಉಳಿದದ್ದೂ ಸರಿಯಾಗಿದೆ ಎಂದೇ ಲೆಕ್ಕ. ನಲ್ಲಿಯ ಹೊಳಪಿನಲ್ಲಿ ಒಂದು ಮೋಸ ನಡೆಯುತ್ತದೆ. ಕರೆ ತೆಗೆಯದೆ ಮೇಲೆ ಎಣ್ಣೆಯಂಥ ಪಾಲಿಶ್ ಸಿಂಪಡಿಸಿ ಒರೆಸಿದರೆ ಒಂದು ದಿನ ಮಿರಮಿರ ಮಿಂಚುತ್ತದೆ. ನಲ್ಲಿಯನ್ನು ಸೋಪು ನೀರಿನಿಂದ ಒಮ್ಮೆ ತೊಳೆದು ಹತ್ತು ನಿಮಿಷ ಒಣಗಲು ಬಿಟ್ಟರೆ ನಿಜ ಹೊರಬೀಳುತ್ತದೆ. ಬಿಳಿ ಪದರ ಮತ್ತೆ ಕಂಡರೆ ಕರೆ ಹೋಗಿಲ್ಲ, ಮುಚ್ಚಿದ್ದಾರೆ ಅಷ್ಟೇ.

ಟಾಯ್ಲೆಟ್‌ಗೆ ಬಳಸಿದ ಬಟ್ಟೆಯೇ ಅಡುಗೆ ಕಟ್ಟೆಗೂ ಬಂದೀತೆಂಬ ಅಳುಕು ಹಲವರಿಗಿದೆ. ಕ್ರಮವಾಗಿ ಕೆಲಸ ಮಾಡುವ ತಂಡಗಳು ಇದಕ್ಕಾಗಿಯೇ ಬಟ್ಟೆಗಳ ಬಣ್ಣ ಬೇರೆ ಬೇರೆ ಇಟ್ಟಿರುತ್ತವೆ, ಕೆಂಪು ಟಾಯ್ಲೆಟ್‌ಗೆ, ಹಸಿರು ಅಡುಗೆಮನೆಗೆ ಎಂಬಂತೆ. ಬಂದ ಕೂಡಲೇ ‘ಯಾವ ಬಟ್ಟೆ ಎಲ್ಲಿಗಪ್ಪಾ?’ ಎಂದು ಕೇಳಿದರೆ ಅವರ ಉತ್ತರದಲ್ಲೇ ಪಳಗಿದ ಕೈಯೋ ಅಲ್ಲವೋ ಗೊತ್ತಾಗುತ್ತದೆ. ಕೆಲಸದ ಕ್ರಮವೂ ಅಷ್ಟೇ. ಮೊದಲು ಒಣ ಧೂಳು, ಮೇಲಿನಿಂದ ಕೆಳಕ್ಕೆ. ಆಮೇಲೆ ನೀರು, ದ್ರಾವಣ. ನೆಲ ಎಲ್ಲಕ್ಕಿಂತ ಕೊನೆಗೆ. ಮೊದಲೇ ನೆಲ ಉಜ್ಜಲು ಯಂತ್ರ ಹಚ್ಚಿದರೆ ಫ್ಯಾನಿನ ಧೂಳು ಮತ್ತೆ ಅದರ ಮೇಲೇ ಬೀಳುತ್ತದೆ.

ಆರು ಗಂಟೆ ಏಣಿಯ ಮೇಲೂ ಆ್ಯಸಿಡ್ಡಿನ ನಡುವೆಯೂ ಇರುವವರಿಗೆ ಕುಡಿಯುವ ನೀರು, ಕೈ ತೊಳೆಯಲು ಜಾಗ, ಊಟಕ್ಕೆ ಅರ್ಧ ಗಂಟೆ ಕೊಡಬೇಕಾದದ್ದು ಮನೆಯವರ ಕರ್ತವ್ಯ. ಅವರ ಕೈಗವಸು, ಮಾಸ್ಕ್ ಕೊಡಬೇಕಾದದ್ದು ಸಂಸ್ಥೆಯದು. ಬರಿಗೈಯಲ್ಲಿ ಬಂದರೆ ಆ ಸಂಸ್ಥೆಗೇ ಫೋನ್ ಮಾಡಿ ಕೇಳಬೇಕು.

ಈ ದೀಪಾವಳಿಗೆ ಬುಕ್ ಮಾಡುವವರು ಮುಂಗಡ ಕಳಿಸುವ ಮೊದಲು ಮೂರು ಪ್ರಶ್ನೆಗಳನ್ನು ವಾಟ್ಸ್ಆ್ಯಪ್‌ನಲ್ಲೇ ಬರೆದು ಕೇಳಿ: ಎಷ್ಟು ಜನ ಬರುತ್ತೀರಿ, ಎಷ್ಟು ಗಂಟೆ ಇರುತ್ತೀರಿ, ತೆರಿಗೆ ಎಲ್ಲ ಸೇರಿ ಕೊನೆಗೆ ಕೊಡಬೇಕಾದದ್ದು ಎಷ್ಟು. ಉತ್ತರವೂ ಬರಹದಲ್ಲೇ ಬರಲಿ, ಅದನ್ನು ಅಳಿಸಬೇಡಿ. ಕೊಟ್ಟ ಮಾತಿಗೆ ತಪ್ಪಿದರೆ, ಕೇಳಿದರೂ ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆ ಹೊತ್ತಿಗೆ ಕೈಯಲ್ಲಿರಬೇಕಾದ ದಾಖಲೆಗಳು ಆ ಸಂದೇಶ, ಕರಪತ್ರ ಮತ್ತು ಬಿಲ್.